ಆಟದ ಬಂಡಿಯ ಗಾಲಿ: 8.4 ಮಿಲಿಮೀಟರ್ ತೂತಿಗೆ ಎಂಟರ ಅಚ್ಚು ಹೋಗಲಿಲ್ಲ

ಕಿನ್ನಾಳದ ಕಟ್ಟಿಗೆ ಬೊಂಬೆಗಳ ಪಕ್ಕದಲ್ಲಿ ನಿಲ್ಲಿಸೋಕೆ ಒಂದು ಎತ್ತಿನ ಬಂಡಿ 3ಡಿ ಪ್ರಿಂಟರಿನಲ್ಲಿ ಪ್ರಿಂಟ್ ಮಾಡಿಕೊಡು ಅಂತ ಮಗಳು ಬೇಸಿಗೆ ರಜೆಗೆ ಮೊದಲೇ ಗಂಟುಬಿದ್ದಿದ್ದಳು. ಮೂಕಿ, ನೊಗ, ಹಲಗೆ ಎಲ್ಲ ಒಂದೇ ದಿನದಲ್ಲಿ ಆಯಿತು. ಗಾಲಿ ಮಾತ್ರ ಹತ್ತು ದಿನ ತಿಂದಿತು. ಅದರದೇ ಲೆಕ್ಕ ಇಲ್ಲಿದೆ.

ಮೊದಲ ಸಲ. ಅಚ್ಚಿನ ದಪ್ಪ 8 ಮಿ.ಮೀ. ತೂತೂ ಅಷ್ಟೇ ಇಟ್ಟರೆ ಹೋಗುವುದಿಲ್ಲ ಅನ್ನೋದು ಗೊತ್ತಿತ್ತು, ಅದಕ್ಕೇ 0.4 ಸಡಿಲು ಬಿಟ್ಟೆ. ಕೋಡ್ ಬರೆದು ಆಕಾರ ಮಾಡುವ ಓಪನ್‌ಸ್ಕ್ಯಾಡ್‌ನಲ್ಲಿ ತೂತು ಹೀಗಿತ್ತು:

```
achchu = 8;
sadilu = 0.4;
cylinder(d = achchu + sadilu, h = 12);
```

ಗಾಲಿ ಅಚ್ಚಿನ ಮೇಲೆ ಅರ್ಧ ಹೋಗಿ ನಿಂತಿತು. ಒತ್ತಿ ತೂರಿಸಿದೆ, ಆಮೇಲೆ ತಿರುಗಲೂ ಇಲ್ಲ, ಹೊರಗೂ ಬರಲಿಲ್ಲ. "ಅಪ್ಪಾ, ಗಾಲಿ ತಿರುಗವಲ್ದು" ಅಂದಳು. ಪ್ರಿಂಟರ್ ಸರಿಯಿಲ್ಲ ಅಂತ ಬೆಲ್ಟ್ ಬಿಗಿ ಮಾಡುತ್ತ ಒಂದು ಸಂಜೆ ಕಳೆದೆ. ತಪ್ಪು ಪ್ರಿಂಟರಿನದಲ್ಲ.

ಪರದೆಯ ಮೇಲೆ ತೂತನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು: ಅದು ವೃತ್ತವೇ ಅಲ್ಲ, 14 ಮೂಲೆಯ ಆಕೃತಿ. ಓಪನ್‌ಸ್ಕ್ಯಾಡ್ ತಾನಾಗಿ ಈ ಅಳತೆಗೆ ಅಷ್ಟೇ ಬದಿ ಕೊಡುತ್ತದೆ. ಮೂಲೆಗಳು 8.4ರ ವೃತ್ತದ ಮೇಲಿರುತ್ತವೆ, ಬದಿಗಳು ಅದರ ಒಳಗೆ ಬರುತ್ತವೆ. ಎದುರುಬದುರಿನ ಎರಡು ಬದಿಗಳ ನಡುವೆ ಅಳೆದರೆ ಸಿಗುವುದು ಸುಮಾರು 8.19. ಬಿಟ್ಟ 0.4ರಲ್ಲಿ ಅರ್ಧ, ಪ್ಲಾಸ್ಟಿಕ್ ಕರಗುವ ಮೊದಲೇ ಹೋಗಿತ್ತು. ಬದಿಗಳ ಸಂಖ್ಯೆ ಹೇಳುವ `$fn = 96` ಸೇರಿಸಿದ ಮೇಲೆ ಆ ನಷ್ಟ ಲೆಕ್ಕಕ್ಕೆ ಬರದಷ್ಟಾಯಿತು.

ಎರಡನೇ ಸಲ. ಈಗ ಒಂದು ವಿಚಿತ್ರ. ಗಾಲಿಯ ಮೇಲಿನ ಮುಖದಿಂದ ಅಚ್ಚು ತೂರಿಸಿದರೆ ಸರಾಗ ಇಳಿದು, ಕೊನೆಗೆ ಕೂದಲೆಳೆಯಷ್ಟು ಉಳಿದಾಗ ಟಕ್ ಅಂತ ನಿಲ್ಲುತ್ತಿತ್ತು. ತಿರುಗಿಸಿ ಕೆಳಮುಖದಿಂದ ತೂರಿಸಿದರೆ ಬಾಯಿಗೇ ಹೋಗುತ್ತಿರಲಿಲ್ಲ. ತೂತು ಪೂರ್ತಿ ಚಿಕ್ಕದಿದ್ದರೆ ಎರಡೂ ಕಡೆ ಒಂದೇ ರೀತಿ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಅನುಮಾನ ಪ್ರಿಂಟರಿನ ತಳದ ಹಲಗೆಗೆ, ಅಂದರೆ ಬೆಡ್‌ಗೆ, ಅಂಟಿದ್ದ ಮುಖದ ಮೇಲೆ. ಮೊದಲ ಲೇಯರನ್ನು ನಾಝಲ್ ಬೆಡ್‌ಗೆ ಒತ್ತಿ ಹಾಕುವುದರಿಂದ ಅದು ಪಕ್ಕಕ್ಕೆ ಹರಡುತ್ತದೆ, ಆನೆ ಪಾದದ ಹಾಗೆ. ತೂತಿನ ಬಾಯಿಯಲ್ಲಿ ಆ ಹರಡು ಒಳಗಡೆ ಚಾಚಿರುತ್ತದೆ. ಬೆರಳುಗುರು ಆಡಿಸಿದರೆ ಚೂಪಾದ ಅಂಚು ಸಿಗುತ್ತದೆ.

ಬ್ಲೇಡಿನಿಂದ ಕೆರೆಯಬಹುದು, ಆದರೆ ನಾಲ್ಕು ಬಂಡಿ ಮಾಡುವುದಿದ್ದರೆ ಎಂಟು ಗಾಲಿ ಕೆರೆಯಬೇಕು. ಬಾಯಿಯಲ್ಲಿ ಅರ್ಧ ಮಿ.ಮೀ.ಗೆ 45 ಡಿಗ್ರಿ ಓರೆ ಕತ್ತರಿಸಿದೆ. ಮೊದಲ ಲೇಯರ್ ಎಷ್ಟು ಹರಡಿದರೂ ಆ ಓರೆಯ ಜಾಗದಲ್ಲೇ ಉಳಿಯುತ್ತದೆ.

ಅಚ್ಚಿನಲ್ಲೂ ಇದೇ ರೋಗ ಇತ್ತು, ಅದು ತಿಳಿಯೋಕೆ ಇನ್ನೆರಡು ದಿನ ಬೇಕಾಯಿತು. ಅಚ್ಚನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಲೇಯರ್ ಕೂಡುವಲ್ಲಿ ಚಟ್ ಅಂತ ಮುರಿಯುತ್ತದೆ, ಆದ್ದರಿಂದ ಮಲಗಿಸಿದ್ದೆ. ದುಂಡು ಕಡ್ಡಿ ಬೆಡ್ ಮೇಲೆ ನಿಲ್ಲಲಿ ಅಂತ ತಳದಿಂದ 1 ಮಿ.ಮೀ. ಚಪ್ಪಟೆ ಕತ್ತರಿಸಿದ್ದೆ. ಆ ಚಪ್ಪಟೆಯ ಎರಡೂ ಅಂಚು ಹರಡಿ, ದುಂಡಿನ ಗೆರೆ ದಾಟಿ ಹೊರಗೆ ಬಂದಿದ್ದವು. ಗಾಲಿ ತಿರುಗಿಸಿದರೆ ಅಲ್ಲಲ್ಲಿ ಕಚ್ಚುತ್ತಿತ್ತು. ಮಾಡೆಲನ್ನು ಲೇಯರ್‌ಗಳಾಗಿ ಕತ್ತರಿಸುವ ಸ್ಲೈಸರಿನ `Elephant foot compensation` ಅನ್ನು 0.2ಕ್ಕೆ ಇಟ್ಟಮೇಲೆ ನಿಂತಿತು.

ಉಂಗುರಗಳ ದಿನ. ಈಗ ಮಾತ್ರ ಸಡಿಲು ಎಷ್ಟು ಬೇಕು ಅಂತ ಕೇಳುವುದಕ್ಕೆ ಅರ್ಥ ಇತ್ತು. ಪೂರ್ತಿ ಗಾಲಿ ಬೇಡ ಅಂತ, ತೂತಿನ ಸುತ್ತಲ ಉಂಗುರ ಮಾತ್ರ 8.2ರಿಂದ 8.6ರವರೆಗೆ ಐದು ತೆಗೆದೆ, ಗಾಲಿಯ ಫಿಲಮೆಂಟ್, ಗಾಲಿಯ ಲೇಯರ್ ಎತ್ತರ, ಗಾಲಿ ಮಲಗುವ ಹಾಗೆಯೇ ಮಲಗಿಸಿ. ಮಧ್ಯೆ ಕರೆಂಟ್ ಹೋಗಿ ಒಮ್ಮೆ ಮೊದಲಿಂದ ಹಾಕಬೇಕಾಯಿತು, ಬಿಡಿ.

8.2 ಅಚ್ಚಿಗೆ ಕಚ್ಚಿಕೊಂಡೇ ಬಿಟ್ಟಿತು. 8.3 ಬಿಗಿ. 8.4 ಬೆರಳಲ್ಲಿ ತಿರುಗುತ್ತದೆ, ಆದರೆ ನೆಲದ ಮೇಲೆ ಬಂಡಿ ತಳ್ಳಿದರೆ ಗಾಲಿ ತಿರುಗದೆ ಜಾರುತ್ತದೆ. 8.5 ಊದಿದರೆ ತಿರುಗುತ್ತದೆ. 8.6 ಅಲ್ಲಾಡುತ್ತದೆ. ಪ್ರಿಂಟ್ ಆದ ತೂತು ಬರೆದದ್ದಕ್ಕಿಂತ ಯಾವಾಗಲೂ ಚಿಕ್ಕದು: ಒಳಸುತ್ತಿನಲ್ಲಿ ಬಿಸಿ ಪ್ಲಾಸ್ಟಿಕ್ ನಡುವಿನ ಕಡೆ ಎಳೆದುಕೊಳ್ಳುತ್ತದೆ. ಕ್ಯಾಲಿಪರ್ 8.4ರ ಉಂಗುರಕ್ಕೆ 8.2ರ ಆಸುಪಾಸು ತೋರಿಸಿತು.

`sadilu = 0.5` ಅಂತ ಬರೆದೆ. ಇದು ವ್ಯಾಸದ ಮೇಲೆ, ಅಂದರೆ ಒಂದೊಂದು ಬದಿಗೆ 0.25. ಗೆಳೆಯರೊಬ್ಬರು "0.2 ಸಾಕು" ಅಂದಿದ್ದು ಒಂದು ಬದಿಯ ಲೆಕ್ಕ, ನಾನು ಕೇಳಿಸಿಕೊಂಡಿದ್ದು ವ್ಯಾಸದ ಲೆಕ್ಕ, ಮೊದಲ ವಾರದ ಜಗಳ ಅದೇ.

ಕಡೆಗೀಲಿಗೆ ಉಲ್ಟಾ ಕೆಲಸ, ಅದು ಅಲ್ಲಾಡಬಾರದು. 3 ಮಿ.ಮೀ. ಕೀಲಿಗೆ 3.2 ತೂತು, ಹೆಬ್ಬೆರಳಲ್ಲಿ ಒತ್ತಿದರೆ ಕೂರುತ್ತದೆ. ಗಾಲಿಗೂ ಕೀಲಿಗೂ ನಡುವೆ ಒಂದು ಮಿ.ಮೀ. ಬಿಟ್ಟಿದ್ದೇನೆ.

ಮೊನ್ನೆ ಕೆಂಪು ಪಿಎಲ್‌ಎ ಪ್ಲಾಸ್ಟಿಕ್ ಮುಗಿದು ಪಿಇಟಿಜಿ ಅನ್ನೋ ಬೇರೆ ಪ್ಲಾಸ್ಟಿಕ್ ಹಾಕಿದೆ. ಅದೇ ಫೈಲ್, ಗಾಲಿ ಮತ್ತೆ ಬಿಗಿ. ಉಂಗುರಗಳು ಬೆಡ್ ಮೇಲಿವೆ.