ಹಲೋ ಇದೆ, ಕರೆಂಟ್ ಇಲ್ಲ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವಿದ್ಯುತ್ ಸಬ್ ಸ್ಟೇಷನ್ನಿಗೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಕರ್ತವ್ಯದ ವೇಳೆ ದೂರವಾಣಿಯಲ್ಲಿ ಅನಗತ್ಯ ಸಂಭಾಷಣೆ ನಡೆಸತಕ್ಕದ್ದಲ್ಲವಂತೆ. ನಾವು ಕೇಳಿದ್ದು ಕಿವಿಗೆ ಸರಿಯಾಗಿ ಕೇಳಿಸುವ ಒಂದು ಫೋನು. ಅದು ಇನ್ನೂ ಬಂದಿಲ್ಲ.

ಶಿರಸಿಯಿಂದ ಕುಮಟಾ ಕಡೆಗೆ ಘಟ್ಟ ಇಳಿಯುವ ಭಾಗದಲ್ಲಿ ಕೆಲಸ ಮಾಡಿದವರಿಗೆ ಜುಲೈ ತಿಂಗಳ ರಾತ್ರಿ ಪಾಳಿಯನ್ನು ವಿವರಿಸಬೇಕಾಗಿಲ್ಲ. 33 ಕೆವಿ ಒಳಗೆ ಬರುತ್ತದೆ, 11 ಕೆವಿ ಫೀಡರ್‌ಗಳು ಹೊರಗೆ ಹೋಗುತ್ತವೆ, ಗಾಳಿ ಬೀಸಿದಂತೆಲ್ಲ ಒಂದೊಂದೇ ಟ್ರಿಪ್ ಆಗುತ್ತವೆ. ಆಮೇಲೆ ಫೋನು. ಕೈಗಾ ನಮ್ಮ ಜಿಲ್ಲೆಯಲ್ಲಿ, ಕದ್ರಾ, ಕೊಡಸಳ್ಳಿ, ಸೂಪಾ ಎಲ್ಲವೂ ನಮ್ಮ ಜಿಲ್ಲೆಯಲ್ಲಿ, ಕತ್ತಲೆಯೂ ನಮಗೇ ಏಕೆ ಎಂದು ಊರಿನವರು ಬೈಯುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದ್ದರಿಂದ ಒಂದು ಉಪಾಯ ಮಾಡಿಕೊಂಡಿದ್ದೆ. ಆ ಕಡೆಯಿಂದ "ಹಲೋ" ಎಂದರೆ ಈ ಕಡೆಯಿಂದ "ಹಲೋ ಇದೆ, ಕರೆಂಟ್ ಇಲ್ಲ" ಎನ್ನುವುದು. ಬೈಯಲು ಬಾಯಿ ತೆರೆದವರು ಅರ್ಧಕ್ಕೇ ನಕ್ಕುಬಿಡುತ್ತಿದ್ದರು. ತೋಟದ ಪಂಪಿಗಾಗಿ ದಿನವೂ ಫೋನ್ ಮಾಡುವ ಒಬ್ಬ ಹೆಗಡೆಯವರಂತೂ, ನಾನು ಹಾಗೆನ್ನದಿದ್ದರೆ "ಇವತ್ತು ಬೇರೆ ಯಾರೋ ಇದ್ದಾರೆ" ಎಂದು ಫೋನ್ ಇಟ್ಟುಬಿಡುತ್ತಿದ್ದರು. ಹಳೆಯ ಲೈನ್‌ಮನ್‌ಗಳಿಗೂ ಅದು ಅಭ್ಯಾಸವಾಗಿತ್ತು.

ಆ ರಾತ್ರಿ ಪೇಟೆ ಫೀಡರ್ ಅರ್ಥ್ ಫಾಲ್ಟ್ ತೋರಿಸಿ ಟ್ರಿಪ್ ಆಯಿತು. ಒಂದು ಟೆಸ್ಟ್ ಚಾರ್ಜ್ ಕೊಟ್ಟೆ, ನಿಲ್ಲಲಿಲ್ಲ. ಘಟ್ಟದ ಫೀಡರ್ ಮಾತ್ರ ಗಟ್ಟಿಯಾಗಿ ನಿಂತಿತ್ತು. ನಿಂತಿದೆ ಎಂದರೆ ಲೈನ್ ಸರಿಯಾಗಿದೆ ಎಂದರ್ಥವಲ್ಲ. ತಂತಿ ಹರಿದು ಒಣ ಕಲ್ಲಿನ ಮೇಲೆ ಬಿದ್ದರೂ, ಕೊಂಬೆ ತಂತಿಗೆ ಸ್ವಲ್ಪವೇ ತಾಗುತ್ತಿದ್ದರೂ, ರಿಲೇ ಎಚ್ಚರಗೊಳ್ಳುವಷ್ಟು ಕರೆಂಟ್ ನೆಲಕ್ಕೆ ಹರಿಯದೆ ಇರಬಹುದು. ಆಗ ಬ್ರೇಕರ್ ಹಾಕಿದಂತೆಯೇ ಇರುತ್ತದೆ, ತಂತಿಯಲ್ಲಿ ಜೀವವೂ ಇರುತ್ತದೆ. ಅವತ್ತು ಘಟ್ಟದ ಫೀಡರ್ ಮೇಲೆ ಮತ್ತಿ ಮರದ ಕೊಂಬೆಯೊಂದು ಒರಗಿತ್ತು. ಸ್ಟೇಷನ್ನಿನಲ್ಲಿ ಕುಳಿತವನಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ.

ಫೋನ್ ಬಂತು. ಗಾಳಿಯ ಸದ್ದು, ಅದರೊಳಗೆ "ಹಲೋ, ಸ್ಟೇಷನ್ನೇ?" ಎಂಬ ಧ್ವನಿ.

"ಹಲೋ ಇದೆ, ಕರೆಂಟ್ ಇಲ್ಲ."

"ಸರಿ ಸರ್." ಕಟ್ಟಾಯಿತು.

ಚಹಾದ ಲೋಟ ಎತ್ತಿಕೊಂಡೆ. ಒಂದು ಗುಟುಕು ಇಳಿದ ಮೇಲೆ "ಸರಿ ಸರ್" ಎಂಬುದು ಕಿವಿಯಲ್ಲಿ ಚುಚ್ಚತೊಡಗಿತು. ಕರೆಂಟ್ ಇಲ್ಲ ಎಂದರೆ ಯಾವ ಗ್ರಾಹಕನೂ ಸರಿ ಎನ್ನುವುದಿಲ್ಲ. ಯಾವಾಗ ಬರುತ್ತದೆ ಎಂದು ಕೇಳುತ್ತಾನೆ, ಇಲ್ಲವೇ ನನ್ನ ವಂಶವನ್ನು ನೆನೆಯುತ್ತಾನೆ. ಕರೆಂಟ್ ಇಲ್ಲ ಎಂಬ ಮಾತಿಗೆ ಸಮಾಧಾನಪಡುವವನು ಒಬ್ಬನೇ, ಲೈನ್ ಮುಟ್ಟಲು ಹೊರಟವನು.

ಪ್ಯಾನೆಲ್ ನೋಡಿದೆ. ಪೇಟೆ ಫೀಡರಿನದು ಹಸಿರು ದೀಪ, ಬಿಚ್ಚಿದೆ. ಘಟ್ಟದ ಫೀಡರಿನದು ಕೆಂಪು, ಆಮ್ಮೀಟರಿನ ಮುಳ್ಳು ಆರಾಮವಾಗಿ ಲೋಡ್ ತೋರಿಸುತ್ತಿದೆ. ಬಂದ ನಂಬರಿಗೆ ತಿರುಗಿ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದೆ, ಅದೇ ಹೆಂಗಸಿನ ಧ್ವನಿ. ಬ್ರೇಕರ್ ಸ್ವಿಚ್ಚಿನ ಮೇಲೆ ಕೈ ಇಟ್ಟೆ, ಆದರೆ ತಿರುಗಿಸಲಿಲ್ಲ.

ಇಲ್ಲಿಯೇ ನಾನು ಎಡವಿದ್ದು. ಜೋಕಿಗಿಂತ ಇದು ದೊಡ್ಡದು. ಎಲ್‌ಸಿ ಎಂದರೆ ಲೈನ್ ಕ್ಲಿಯರ್, ಲೈನ್ ಬಿಚ್ಚಿಸಿಕೊಂಡು ಕೆಲಸ ಮಾಡಲು ಪಡೆಯುವ ಅನುಮತಿ. ಅದನ್ನು ಯಾರೂ ಕೇಳದೆ ಇರುವ ಫೀಡರನ್ನು ಬಿಚ್ಚಿದರೆ ಲಾಗ್ ಪುಸ್ತಕದಲ್ಲಿ ಕಾರಣ ಬರೆಯಬೇಕು. "ಒಬ್ಬ ಸರಿ ಸರ್ ಎಂದ" ಎಂದು ಬರೆಯಲಾದೀತೇ? ತಿಂಗಳ ಕೊನೆಗೆ ಅಡಚಣೆಗಳ ಪಟ್ಟಿ ಹಿಡಿದು ಪ್ರಶ್ನೆ ಕೇಳುವವರ ಮುಖ ಕಣ್ಣ ಮುಂದೆ ಬಂತು. ಮೊದಲು ಶಾಖಾಧಿಕಾರಿಗೆ ಫೋನ್ ಮಾಡೋಣ ಎಂದುಕೊಂಡೆ. ಎಂಗೇಜ್. ಮತ್ತೊಮ್ಮೆ, ಎಂಗೇಜ್. ನಾಲ್ಕೈದು ನಿಮಿಷ ಹೀಗೇ ಹೋಯಿತು. ಆ ಹೊತ್ತಿನಲ್ಲಿ ಒಬ್ಬ ಕಂಬ ಹತ್ತಬಹುದು. ಕೊನೆಗೆ ಸ್ವಿಚ್ ತಿರುಗಿಸಿದೆ. ಕೆಂಪು ಹೋಗಿ ಹಸಿರು ಬಂತು. ಇಷ್ಟು ಸುಲಭದ ಕೆಲಸ.

ಸ್ವಲ್ಪ ಹೊತ್ತಿಗೆ ಹಿರಿಯ ಲೈನ್‌ಮನ್ ಫೋನ್ ಮಾಡಿದರು. "ಏನು ಮಾರಾಯಾ, ನೀನು ಎಲ್‌ಸಿ ಕೊಟ್ಟಿದ್ದೀಯೋ ಇಲ್ಲವೋ?"

ನಡೆದದ್ದು ಇಷ್ಟು. ಅವರು ಹಳ್ಳದ ಆಚೆ ಮರ ಕಡಿಸುತ್ತಿದ್ದರು. ಹೊಸದಾಗಿ ಸೇರಿದ ಪವರ್‌ಮ್ಯಾನ್ ಹುಡುಗನಿಗೆ ಘಟ್ಟದ ಫೀಡರಿನ ಎಲ್‌ಸಿ ತೆಗೆದುಕೋ ಎಂದಿದ್ದರು. ಬಯಲುಸೀಮೆಯ ಹುಡುಗ, ನನ್ನ ಧ್ವನಿಯನ್ನೂ ಕೇಳಿದವನಲ್ಲ, ಜೋಕನ್ನೂ ಕೇಳಿದವನಲ್ಲ. ನೆಟ್‌ವರ್ಕಿಗಾಗಿ ದಿಬ್ಬ ಹತ್ತಿ ಫೋನ್ ಮಾಡಿದ್ದಾನೆ. ಶಾಖಾಧಿಕಾರಿ ಮೊದಲೇ ಹೇಳಿಟ್ಟಿರಬೇಕು, ಸ್ಟೇಷನ್ನಿನವರು ಬಿಚ್ಚಿಯೇ ಬಿಟ್ಟಿದ್ದಾರೆ ಎಂದುಕೊಂಡಿದ್ದಾನೆ. ಕೆಳಗಿಳಿದು ಬಂದು "ಕರೆಂಟ್ ಇಲ್ಲವಂತೆ" ಎಂದಿದ್ದಾನೆ. ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಎಲ್‌ಸಿ ನಂಬರ್ ಎಷ್ಟು, ತಮ್ಮಾ?" ನಂಬರ್ ಇರಲಿಲ್ಲ. ಏಣಿ ಕಂಬಕ್ಕೆ ತಾಗಲಿಲ್ಲ.

ನಂಬರ್ ಇದ್ದಿದ್ದರೂ ಅವರು ನೇರವಾಗಿ ಹತ್ತಿಸುವವರಲ್ಲ. ಕಂಬದ ಮೇಲಿನ ಜಿಒಎಸ್ ಸ್ವಿಚ್ ಬಿಚ್ಚಿ, ಟೆಸ್ಟರ್ ತೋರಿಸಿ, ಡಿಸ್ಚಾರ್ಜ್ ರಾಡ್ ಹಾಕಿ ಅರ್ಥ್ ಮಾಡಿದ ಮೇಲೆಯೇ ಕೈ. ಸ್ಟೇಷನ್ನಿನಲ್ಲಿ ಬಿಚ್ಚಿದ ಲೈನಿಗೂ ಯಾರದೋ ಮನೆಯ ಜನರೇಟರ್ ಹಿಂದಿನಿಂದ ಜೀವ ತುಂಬಬಹುದು ಎಂಬುದು ಅವರಿಗೆ ಗೊತ್ತು. ಆದರೆ ಅವರು ಹಳ್ಳ ದಾಟುವ ಮೊದಲೇ ಹುಡುಗ ಉತ್ಸಾಹದಲ್ಲಿ ಏಣಿ ಹಾಕಿದ್ದರೆ ಎಂದು ಯೋಚಿಸುತ್ತಾ ಆ ರಾತ್ರಿಯ ಉಳಿದ ಭಾಗ ಕಳೆಯಿತು.

ಆಮೇಲೆ ಹೊಳೆದದ್ದನ್ನು ಹೇಳುತ್ತೇನೆ. ಎದುರಿಗೆ ಸಿಕ್ಕವರು "ಆರಾಮವೇ?" ಎಂದಾಗ "ಮಳೆ ಬಿಟ್ಟರೆ ನಾವೂ ಆರಾಮ" ಎನ್ನಬಹುದು. ಮುಖ ಕಾಣುತ್ತದೆ, ನಗು ಕಾಣುತ್ತದೆ, ಕೇಳಿದವನಿಗೆ ನಿಜವಾಗಿ ಉತ್ತರ ಬೇಕಾಗಿರಲಿಲ್ಲ. ಫೋನಿನ ಹಲೋ ಹಾಗಲ್ಲ. ಯಾರು, ಎಲ್ಲಿಯವರು, ನನ್ನ ಮಾತು ಕೇಳಿಸುತ್ತಿದೆಯೇ ಎಂದು ಅದು ವಿಚಾರಿಸುತ್ತಿರುತ್ತದೆ. ನಾನು ಹೆಸರು ಹೇಳಬೇಕಾದ ಜಾಗದಲ್ಲಿ ಜೋಕು ಹೇಳಿದೆ. ಅದೂ ಎಂಥ ಜೋಕು! ನಮ್ಮ ಕೆಲಸದಲ್ಲಿ ನಿಜವಾಗಿಯೂ ಆಡುವ, ಒಬ್ಬನ ಪ್ರಾಣ ನಿಂತಿರುವ ಮಾತನ್ನೇ ತಮಾಷೆಗೆ ಬಳಸಿದೆ. ಹೆಗಡೆಯವರಿಗೆ ಅದು ನಗು, ಹುಡುಗನಿಗೆ ಅದು ವರದಿ. ಹೆಗಡೆಯವರು ಫೋನ್ ಮಾಡಿದಾಗ ಅದು ನಿಜವೇ ಆಗಿರುತ್ತಿತ್ತು, ಅದಕ್ಕೇ ಇಷ್ಟು ಕಾಲ ನಡೆಯಿತು.

ಈಗ ಫೋನ್ ಎತ್ತಿದರೆ ಸ್ಟೇಷನ್ನಿನ ಹೆಸರು, ನನ್ನ ಹೆಸರು. ಎಲ್‌ಸಿ ಕೇಳಿದರೆ ಫೀಡರಿನ ಹೆಸರು, ಕೆಲಸದ ಜಾಗ, ಕೇಳುವವನ ಹೆಸರು ಬರೆದುಕೊಂಡು ಓದಿ ಹೇಳುತ್ತೇನೆ. ಬಿಚ್ಚಿ, ಬೋರ್ಡ್ ತೂಗಿಸಿದ ಮೇಲೆ ನಂಬರ್ ಮತ್ತು ಹೊತ್ತು ಕೊಟ್ಟು, ಆ ಕಡೆಯವನ ಬಾಯಿಯಿಂದ ಅದನ್ನೇ ತಿರುಗಿ ಹೇಳಿಸುತ್ತೇನೆ. "ಸರಿ ಸರ್" ಎಂದರೆ ಬಿಡುವುದಿಲ್ಲ. ಎಲ್ಲರೂ ಇಳಿದು ಎಲ್‌ಸಿ ರಿಟರ್ನ್ ಆಗಿ, ಲೈನ್ ಚಾರ್ಜ್ ಮಾಡಿ, ಲೋಡ್ ನಿಂತ ಮೇಲೆ ಹರಟೆ ಎಷ್ಟು ಬೇಕಾದರೂ ಇದೆ. ಸುತ್ತೋಲೆ ಅದನ್ನೂ ನಿಷೇಧಿಸಿದೆ, ಆ ಭಾಗವನ್ನು ನಾನು ಓದಿಲ್ಲ.

ಹೆಗಡೆಯವರಿಗೆ ಮಾತ್ರ ಬೇಸರವಾಗಿದೆ. ಮೊನ್ನೆ ಸ್ಟೇಷನ್ನಿನ ಹೆಸರು ಹೇಳಿದ ಕೂಡಲೇ "ಏನು, ನಿಮಗೆ ವರ್ಗಾವಣೆ ಆಯಿತೇ?" ಎಂದು ಕೇಳಿದರು.