ಟೆಂಪ್ಲೇಟ್ ಹಿಂದಿನ ಸ್ಥಿತಿಗೆ ಬಂದರೂ ಕಳುಹಿಸಿದ ಕ್ಯಾಪ್ಷನ್ ಬದಲಾಗುವುದಿಲ್ಲ

ಕ್ರೀಡಾ ಛಾಯಾಗ್ರಾಹಕರು ಮೈದಾನದಿಂದ ಕಳುಹಿಸುವ ಚಿತ್ರಗಳಿಗೆ ಕ್ಯಾಪ್ಷನ್ ಸೇರಿಸಿ ಗ್ರಾಹಕರಿಗೆ ತಲುಪಿಸುವ ಮೇಜಿನಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕೆಲಸದ ವೇಗ ಎರಡು ಫೈಲುಗಳನ್ನು ಅವಲಂಬಿಸಿದೆ. ಮೊದಲನೆಯದು ಕ್ಯಾಪ್ಷನ್ ಟೆಂಪ್ಲೇಟ್; ಪಂದ್ಯದ ಹೆಸರು, ಸ್ಥಳ, ದಿನಾಂಕ, ಛಾಯಾಗ್ರಾಹಕರ ಹೆಸರು ಮುಂತಾದವನ್ನು ಚಿತ್ರದ ಮೆಟಾಡೇಟಾದ ಆಯಾ ಜಾಗಗಳಿಗೆ ತುಂಬುವ ಒಂದು ಎಕ್ಸ್‌ಎಂಪಿ ಫೈಲ್ ಅದು. ಎರಡನೆಯದು ಕೋಡ್ ಪಟ್ಟಿ. ಅದರ ಪ್ರತಿ ಸಾಲಿನಲ್ಲಿ ಒಂದು ಕಿರುಕೋಡ್, ಒಂದು ಟ್ಯಾಬ್, ಅದರ ಮುಂದೆ ಆಟಗಾರನ ಪೂರ್ಣ ಹೆಸರು ಮತ್ತು ಅಂಗಿಯ ಸಂಖ್ಯೆ ಇರುತ್ತವೆ. ಕ್ಯಾಪ್ಷನ್ ಬರೆಯುವವರು a7 ಎಂಬ ಕೋಡ್ ಒತ್ತಿದರೆ ಆ ಜಾಗದಲ್ಲಿ ಪೂರ್ಣ ಹೆಸರು ಮೂಡುತ್ತದೆ.

ಈ ಫೈಲುಗಳನ್ನು ನಾವು ಗಿಟ್‌ನಲ್ಲಿ ಇಟ್ಟದ್ದು ಕೆಟ್ಟ ಬದಲಾವಣೆಯನ್ನು ಒಂದೇ ಆಜ್ಞೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬ ಉದ್ದೇಶದಿಂದ. ಆ ಉದ್ದೇಶ ಈಡೇರಿತು. ಆದರೆ ಕ್ಯಾಪ್ಷನ್ ಕೆಲಸಕ್ಕೆ ಅದು ಅರ್ಧ ಪರಿಹಾರ ಮಾತ್ರ ಎಂಬುದು ಒಂದು ಪಂದ್ಯದ ಸಂಜೆ ಸ್ಪಷ್ಟವಾಯಿತು.

ಅಂದು ತಂಡವೊಂದು ಕೊನೆ ಗಳಿಗೆಯಲ್ಲಿ ಒಬ್ಬ ಆಟಗಾರನನ್ನು ಸೇರಿಸಿಕೊಂಡಿತು. ನಮ್ಮವರೊಬ್ಬರು ಕೋಡ್ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಹೊಸ ಸಾಲನ್ನು ಸೇರಿಸಿದರು. ಪಟ್ಟಿ ಅಕಾರಾದಿಯಾಗಿರಲಿ ಎಂದು ಹೆಸರಿನ ಕಾಲಮ್ಮನ್ನು ವಿಂಗಡಿಸಿದರು. ವಿಂಗಡಣೆ ಆ ಒಂದು ಕಾಲಮ್ಮಿಗಷ್ಟೇ ಅನ್ವಯವಾಗಿ, ಕೋಡ್‌ಗಳು ಇದ್ದಲ್ಲೇ ಉಳಿದು, ಹೆಸರುಗಳು ಮಾತ್ರ ಮೇಲೆ ಕೆಳಗೆ ಸರಿದವು. ನಿಜವಾದ ಹೆಸರುಗಳ ಬದಲು ಅಕ್ಷರಗಳನ್ನಿಟ್ಟು ತೋರಿಸಿದರೆ ವ್ಯತ್ಯಾಸ ಹೀಗಿತ್ತು:

```
-a7	Player K (7)
+a7	Player C (21)
-a9	Player R (9)
+a9	Player D (4)
```

ಈ ಬಗೆಯ ದೋಷದ ತೊಂದರೆಯೆಂದರೆ ಫೈಲಿನಲ್ಲಿ ಯಾವ ಸಾಲೂ ಮುರಿದಿರುವುದಿಲ್ಲ. ಪ್ರೋಗ್ರಾಂ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಪ್ರತಿ ಕೋಡಿಗೂ ಒಬ್ಬ ನಿಜವಾದ ಆಟಗಾರನ ಹೆಸರೇ ಬರುತ್ತದೆ, ಆದರೆ ಬೇರೆಯವನದು. ಚಿತ್ರದಲ್ಲಿ 7 ಎಂದಿರುವ ಅಂಗಿಯ ಪಕ್ಕದಲ್ಲಿ 21 ಎಂಬ ಸಂಖ್ಯೆಯನ್ನು ಸಂಪಾದಕರೊಬ್ಬರು ಗಮನಿಸಿದಾಗಲೇ ವಿಷಯ ತಿಳಿದದ್ದು. ಹಾಗೆ ನೋಡಿದರೆ ಸೂಚನೆ ಮೊದಲೇ ಕಾಣಬೇಕಿತ್ತು. ಒಬ್ಬ ಆಟಗಾರನನ್ನು ಸೇರಿಸುವ ಬದಲಾವಣೆಯಲ್ಲಿ git diff --stat ಒಂದೇ ಸಾಲು ಸೇರಿದೆ ಎಂದು ಹೇಳಬೇಕು. ಅದು ಬಹುತೇಕ ಇಡೀ ಪಟ್ಟಿಯೇ ಬದಲಾಗಿದೆ ಎಂದು ತೋರಿಸುತ್ತಿದ್ದರೆ, ಸಾಲುಗಳನ್ನು ಓದುವ ಮೊದಲೇ ಆ ಬದಲಾವಣೆಯನ್ನು ತಡೆದು ನಿಲ್ಲಿಸಬೇಕು. ಈಗ ನಾವು ಕಮಿಟ್ ಮಾಡುವ ಮುನ್ನ ಎಷ್ಟು ಸಾಲು ಬದಲಾಗಬೇಕು ಎಂಬುದನ್ನು ಮನಸ್ಸಿನಲ್ಲಿ ನಿರ್ಧರಿಸಿಕೊಂಡು, ನಂತರ ಆ ಅಂಕಿಯನ್ನು ನೋಡುತ್ತೇವೆ.

ಹಿಂದಕ್ಕೆ ತರುವ ಕೆಲಸ ಸುಲಭವಾಗಿತ್ತು:

```
git revert d41c7e2
```

ಇಲ್ಲಿ git reset --hard ಬಳಸದೆ revert ಬಳಸುವುದಕ್ಕೆ ನಮ್ಮ ಕೆಲಸದಲ್ಲಿ ಬಲವಾದ ಕಾರಣವಿದೆ. revert ಎಂಬುದು ಕೆಟ್ಟ ಬದಲಾವಣೆಯನ್ನು ಅಳಿಸುವುದಿಲ್ಲ, ಅದಕ್ಕೆ ವಿರುದ್ಧವಾದ ಹೊಸ ಕಮಿಟ್ಟನ್ನು ಸೇರಿಸುತ್ತದೆ. ಆದ್ದರಿಂದ ಯಾವ ಆವೃತ್ತಿ ಯಾವ ಹೊತ್ತಿನಲ್ಲಿ ಬಳಕೆಯಲ್ಲಿತ್ತು ಎಂಬ ದಾಖಲೆ ಉಳಿಯುತ್ತದೆ. ಆ ದಾಖಲೆ ಮುಂದಿನ ಹುಡುಕಾಟಕ್ಕೆ ಬೇಕು. ಜೊತೆಗೆ ಇನ್ನೊಂದು ಮಾತು: ಆ ಕಮಿಟ್ಟಿನಲ್ಲಿ ಹೊಸ ಆಟಗಾರನ ಸಾಲೂ ಇದ್ದುದರಿಂದ revert ಮಾಡಿದಾಗ ಅದೂ ಹೊರಟುಹೋಯಿತು, ಅದನ್ನು ಮತ್ತೆ ಬೇರೆಯಾಗಿ ಸೇರಿಸಬೇಕಾಯಿತು. ಸೇರ್ಪಡೆ ಒಂದು ಕಮಿಟ್, ವಿಂಗಡಣೆ ಇನ್ನೊಂದು ಕಮಿಟ್ ಆಗಿದ್ದರೆ ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನಷ್ಟೇ ತೆಗೆಯಬಹುದಿತ್ತು. ಇದಲ್ಲದೆ, ಪ್ರೋಗ್ರಾಂ ತಾನು ಮೊದಲು ಓದಿಟ್ಟುಕೊಂಡ ಪಟ್ಟಿಯನ್ನೇ ಬಳಸುತ್ತಿರಬಹುದಾದ್ದರಿಂದ, ಫೈಲ್ ಸರಿಯಾದ ಮೇಲೆ ಪ್ರತಿಯೊಂದು ಯಂತ್ರದಲ್ಲೂ ಪಟ್ಟಿಯನ್ನು ಮರುಲೋಡ್ ಮಾಡಿ, ಒಂದು ಕೋಡ್ ಒತ್ತಿ ನೋಡಬೇಕು.

ಇಷ್ಟಾದರೂ ಮುಖ್ಯ ಸಮಸ್ಯೆ ಹಾಗೆಯೇ ಉಳಿದಿತ್ತು. ಕೋಡ್ ಒತ್ತಿದ ಕ್ಷಣದಲ್ಲೇ ಹೆಸರು ಸಾಮಾನ್ಯ ಪಠ್ಯವಾಗಿ ಚಿತ್ರದ ಮೆಟಾಡೇಟಾದೊಳಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಆ ಚಿತ್ರಕ್ಕೂ ಕೋಡ್ ಪಟ್ಟಿಗೂ ಯಾವ ಸಂಬಂಧವೂ ಇಲ್ಲ. ಪಟ್ಟಿಯನ್ನು ಹಿಂದಕ್ಕೆ ತಂದರೂ ಆಗಲೇ ಗ್ರಾಹಕರಿಗೆ ಹೋದ ಚಿತ್ರಗಳು ತಪ್ಪು ಹೆಸರನ್ನೇ ಹೊತ್ತಿರುತ್ತವೆ. ಅಂದು ಕಳುಹಿಸಿದ ಹೊತ್ತನ್ನು ಲೆಕ್ಕ ಹಾಕಿ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಯಿತು, ಹೊತ್ತೂ ನಂಬುವಂತಿರಲಿಲ್ಲ, ಏಕೆಂದರೆ ಎಲ್ಲ ಯಂತ್ರಗಳೂ ಹೊಸ ಪಟ್ಟಿಯನ್ನು ಒಂದೇ ಸಮಯಕ್ಕೆ ಪಡೆದಿರಲಿಲ್ಲ.

ಆದ್ದರಿಂದ ಈಗ ಪ್ರತಿ ಚಿತ್ರವೂ ತಾನು ಯಾವ ಆವೃತ್ತಿಯ ಫೈಲುಗಳಿಂದ ಕ್ಯಾಪ್ಷನ್ ಪಡೆಯಿತು ಎಂಬ ಗುರುತನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಗ್ರಾಹಕರೊಂದಿಗೆ ಮಾತಾಡಿಕೊಂಡು, ಮೆಟಾಡೇಟಾದ ಸೂಚನೆಗಳ ಜಾಗವನ್ನು ಇದಕ್ಕೆ ಆರಿಸಿಕೊಂಡೆವು. ಇಲ್ಲೊಂದು ತೊಡಕಿದೆ: ಕಮಿಟ್ಟಿನ ಗುರುತನ್ನು ಟೆಂಪ್ಲೇಟ್‌ನಲ್ಲೇ ಬರೆದು ಕಮಿಟ್ ಮಾಡಲಾಗದು, ಏಕೆಂದರೆ ಬರೆದ ಕೂಡಲೇ ಫೈಲ್ ಬದಲಾಗಿ ಗುರುತೂ ಬದಲಾಗುತ್ತದೆ. ಹಾಗಾಗಿ ಗಿಟ್‌ನಲ್ಲಿರುವ ಟೆಂಪ್ಲೇಟ್‌ನಲ್ಲಿ @REV@ ಎಂಬ ಖಾಲಿ ಗುರುತು ಮಾತ್ರ ಇರುತ್ತದೆ. ಬಳಕೆಯ ಫೋಲ್ಡರಿಗೆ ನಕಲು ಮಾಡುವಾಗ ಅದನ್ನು ತುಂಬುತ್ತೇವೆ.

```
rev=$(git describe --always --dirty)
sed "s/@REV@/$rev/" templates/match.xmp > "$LIVE/match.xmp"
cp codes/*.txt "$LIVE/"
```

ಟೆಂಪ್ಲೇಟ್ ಮತ್ತು ಕೋಡ್ ಪಟ್ಟಿ ಎರಡೂ ಒಂದೇ ಸ್ಕ್ರಿಪ್ಟ್‌ನಿಂದ ಒಟ್ಟಿಗೇ ಹೋಗಬೇಕು. ಬೇರೆ ಬೇರೆಯಾಗಿ ಹೋದರೆ ಗುರುತಿಗೆ ಅರ್ಥವೇ ಇರುವುದಿಲ್ಲ. --dirty ಎಂಬುದನ್ನು ಬಿಡಬಾರದು. ಯಾರಾದರೂ ಅವಸರದಲ್ಲಿ ಕಮಿಟ್ ಮಾಡದೆ ಫೈಲನ್ನು ತಿದ್ದಿ ಕಳುಹಿಸಿದ್ದರೆ ಗುರುತಿನ ಕೊನೆಯಲ್ಲಿ -dirty ಎಂದು ಸೇರುತ್ತದೆ, ಆ ಚಿತ್ರಗಳ ಕ್ಯಾಪ್ಷನ್ನಿಗೆ ಗಿಟ್‌ನಲ್ಲಿ ಪೂರ್ತಿ ದಾಖಲೆಯಿಲ್ಲ ಎಂಬುದು ತಿಳಿಯುತ್ತದೆ. ಕೆಟ್ಟ ಆವೃತ್ತಿಯೊಂದು ಹೊರಗೆ ಹೋಗಿದ್ದರೆ, ಅದರಿಂದ ಹೊರಟ ಚಿತ್ರಗಳ ಪಟ್ಟಿಯನ್ನು ಎಕ್ಸಿಫ್‌ಟೂಲ್ ಕೊಡುತ್ತದೆ:

```
exiftool -r -if '$Instructions =~ /d41c7e2/' -p '$Directory/$FileName' sent/
```

ಈ ಪಟ್ಟಿಯನ್ನು ಹಿಡಿದು ತಿದ್ದುಪಡಿಯ ಸೂಚನೆಯೊಂದಿಗೆ ಚಿತ್ರಗಳನ್ನು ಮರುಕಳುಹಿಸಬಹುದು. ಕೆಟ್ಟ ಕಮಿಟ್ಟಿಗೂ ಅದರ revertಗೂ ನಡುವೆ ಬೇರೆ ಕಮಿಟ್‌ಗಳಿದ್ದರೆ ಅವೆಲ್ಲವುಗಳ ಗುರುತನ್ನೂ ಹುಡುಕಬೇಕು; ದೋಷ ಅವುಗಳಲ್ಲೂ ಮುಂದುವರಿದಿರುತ್ತದೆ. ಗ್ರಾಹಕರು ತಮ್ಮಲ್ಲಿ ಮೆಟಾಡೇಟಾವನ್ನು ಅಳಿಸಿಹಾಕಿದ್ದರೆ ಅವರ ನಕಲಿನಲ್ಲಿ ಗುರುತು ಸಿಗುವುದಿಲ್ಲ, ಆದ್ದರಿಂದ ಹುಡುಕಾಟ ನಮ್ಮಲ್ಲಿ ಉಳಿದ ನಕಲುಗಳ ಮೇಲೆಯೇ ನಡೆಯಬೇಕು.

ಈ ವ್ಯವಸ್ಥೆ ನಡೆಯಬೇಕಾದರೆ ಫೈಲುಗಳನ್ನು ಗಿಟ್ ಪಠ್ಯವೆಂದು ಓದುವಂತಿರಬೇಕು. ಎಕ್ಸೆಲ್‌ನಲ್ಲಿ ಯೂನಿಕೋಡ್ ಪಠ್ಯವೆಂದು ಉಳಿಸಿದ ಫೈಲ್ ಯುಟಿಎಫ್-16 ಆಗಿರುತ್ತದೆ. ಗಿಟ್ ಅದನ್ನು ಬೈನರಿ ಎಂದು ಪರಿಗಣಿಸಿ, ಬದಲಾದ ಸಾಲುಗಳನ್ನು ತೋರಿಸದೆ, ಫೈಲುಗಳು ಬೇರೆಯಾಗಿವೆ ಎಂದಷ್ಟೇ ಹೇಳುತ್ತದೆ. ನಾವು ಪಟ್ಟಿಗಳನ್ನು ಯುಟಿಎಫ್-8ನಲ್ಲೇ ಉಳಿಸುತ್ತೇವೆ, ಸ್ಪ್ರೆಡ್‌ಶೀಟ್ ಬಿಟ್ಟು ಸಾದಾ ಪಠ್ಯ ಸಂಪಾದಕದಲ್ಲೇ ತಿದ್ದುತ್ತೇವೆ. ಕೋಡಿನಲ್ಲಿರುವ ಅಂಕಿಯೂ ಹೆಸರಿನ ಮುಂದೆ ಆವರಣದಲ್ಲಿರುವ ಅಂಗಿ ಸಂಖ್ಯೆಯೂ ಒಂದೇ ಆಗಿರಬೇಕು ಎಂಬ ಸಣ್ಣ ಪರೀಕ್ಷೆಯನ್ನು ಕಳುಹಿಸುವ ಸ್ಕ್ರಿಪ್ಟ್‌ನ ಮೊದಲಿಗೆ ಸೇರಿಸಿದ್ದೇವೆ. ಅಂದಿನ ವಿಂಗಡಣೆ ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಚಿತ್ರಗಳನ್ನು ಕಳುಹಿಸುವ ಸೆಟ್ಟಿಂಗ್‌ಗಳನ್ನೂ ಅದೇ ಗಿಟ್‌ನಲ್ಲಿ ಇಟ್ಟಿದ್ದೇವೆ, ಆದರೆ ಎಫ್‌ಟಿಪಿ ಪಾಸ್‌ವರ್ಡ್‌ಗಳನ್ನು ಹೊರತುಪಡಿಸಿ. ಒಮ್ಮೆ ಕಮಿಟ್ ಆದ ಪಾಸ್‌ವರ್ಡ್ ನಂತರ ಅಳಿಸಿದರೂ ಇತಿಹಾಸದಲ್ಲಿ ಉಳಿಯುವುದರಿಂದ, ಅದು ಒಳಗೆ ಹೋಗಿದ್ದರೆ ಪಾಸ್‌ವರ್ಡನ್ನೇ ಬದಲಿಸಬೇಕಾಗುತ್ತದೆ. ಇನ್ನು, ಕೆಲವು ಪ್ರೋಗ್ರಾಂಗಳು ಮುಚ್ಚುವಾಗ ತಮ್ಮ ನೆನಪಿನಲ್ಲಿರುವ ಸೆಟ್ಟಿಂಗನ್ನು ಮತ್ತೆ ಫೈಲಿಗೆ ಬರೆಯುತ್ತವೆ. ಆದ್ದರಿಂದ ಸೆಟ್ಟಿಂಗ್‌ಗಳನ್ನು ಹಿಂದಕ್ಕೆ ತರುವ ಮುನ್ನ ಪ್ರೋಗ್ರಾಂ ಮುಚ್ಚಿರಬೇಕು. ಇಲ್ಲವಾದರೆ ಹಿಂದಕ್ಕೆ ತಂದ ಫೈಲಿನ ಮೇಲೆ ಹಳೆಯ ದೋಷವೇ ಮತ್ತೆ ಬರೆಯಲ್ಪಟ್ಟು, git status ಅದನ್ನು ಹೊಸ ಬದಲಾವಣೆಯೆಂದು ತೋರಿಸುತ್ತದೆ.