ನೂರು ರೂಪಾಯಿ ವ್ಯತ್ಯಾಸ

"ಸರ್, ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಸಸ್ಪೆನ್ಸ್ ಖಾತೆಗೆ ಹಾಕಿ ಅಂತಾರೆ. ಆಮೇಲೆ ಅದನ್ನ ತೆಗೆಯೋದು ಹೇಗೆ?"

ಹಾಕುವುದು ಒಂದು ನಿಮಿಷದ ಕೆಲಸ, ತೆಗೆಯುವುದೇ ಕಷ್ಟ. ನಾನು ಕೈಯಲ್ಲೇ ಲೆಕ್ಕ ಬರೆಯುತ್ತಿದ್ದ ದಿನಸಿ ಅಂಗಡಿಯದ್ದೇ ಹೇಳುತ್ತೇನೆ.

ಮಾರ್ಚ್ ಕೊನೆಗೆ ಡೆಬಿಟ್ ಮೊತ್ತ 6,18,400, ಕ್ರೆಡಿಟ್ 6,18,500. ಡೆಬಿಟ್ ಕಡೆ ನೂರು ಕಮ್ಮಿ. ಹಾಗಾಗಿ ಸಸ್ಪೆನ್ಸ್ ಖಾತೆ ತೆರೆದು, ಕಮ್ಮಿ ಇದ್ದ ಡೆಬಿಟ್ ಕಡೆಗೇ 100 ಬರೆದೆ. ಬರೀ ನೂರು ರೂಪಾಯಿ ತಾನೇ, ಖರ್ಚಿಗೆ ಹಾಕಿ ಮುಗಿಸಿ ಅಂದರು ಯಜಮಾನರು. ಮುಗಿಸಿದ್ದರೆ ಕೆಟ್ಟಿದ್ದೆ.

ಮೊದಲು ಮಾಮೂಲಿ ಉಪಾಯಗಳು. ವ್ಯತ್ಯಾಸ 9ರಿಂದ ಭಾಗವಾದರೆ 54 ಬರೆಯುವಲ್ಲಿ 45 ಬರೆದಿರಬಹುದು. ನೂರು ಹಾಗೆ ಭಾಗವಾಗುವುದಿಲ್ಲ. ಅರ್ಧ ಮಾಡಿ 50 ರೂಪಾಯಿಯ ಎಂಟ್ರಿ ಹುಡುಕಿದೆ, ಯಾವುದಾದರೂ ತಪ್ಪು ಕಡೆಗೆ ಬಿದ್ದಿದೆಯಾ ಅಂತ. ಸಿಗಲಿಲ್ಲ. ಕೊನೆಗೆ ಪುಸ್ತಕಗಳನ್ನೆಲ್ಲ ಮತ್ತೆ ಕೂಡುತ್ತಾ ಕೂತಾಗ ಖರೀದಿ ಪುಸ್ತಕದ ಒಂದು ಪುಟದಲ್ಲಿ 63,340 ಬರಬೇಕಾದ ಕಡೆ 62,340 ಇತ್ತು. ನೂರರ ಸಾಲು ಕೂಡಿದ ಮೇಲೆ ಕೈಲಿದ್ದ ದಶಕ ಬಿಟ್ಟುಹೋಗಿತ್ತು. ಅಂದರೆ ಖರೀದಿ ಖಾತೆಗೆ ಸಾವಿರ ಕಮ್ಮಿ ಡೆಬಿಟ್ ಆಗಿದೆ.

ಆದರೆ ವ್ಯತ್ಯಾಸ ನೂರೇ ಇದೆಯಲ್ಲ! ಹಾಗಾದರೆ ಒಂಬೈನೂರರ ಇನ್ನೊಂದು ತಪ್ಪು ಉಲ್ಟಾ ದಿಕ್ಕಿನಲ್ಲಿ ಇರಲೇಬೇಕು. ಈಗ ಅರ್ಧದ ಉಪಾಯ ಕೆಲಸಕ್ಕೆ ಬಂತು: 450 ಹುಡುಕಿದೆ. ಒಬ್ಬ ಗಿರಾಕಿ ಕೊಟ್ಟ 450 ನಗದು ಪುಸ್ತಕದಲ್ಲಿ ಸರಿಯಾಗಿತ್ತು, ಲೆಡ್ಜರ್‌ನಲ್ಲಿ ಅವರ ಖಾತೆಗೆ ಕ್ರೆಡಿಟ್ ಬದಲು ಡೆಬಿಟ್ ಬಿದ್ದಿತ್ತು. ಸುಮ್ನೆ ಖರ್ಚಿಗೆ ಹಾಕಿದ್ದರೆ ಆ ಪುಣ್ಯಾತ್ಮರಿಂದ 900 ಜಾಸ್ತಿ ಕೇಳುತ್ತಿದ್ದೆವು.

ತಿದ್ದಲು ಎರಡು ಜರ್ನಲ್ ಎಂಟ್ರಿ ಸಾಕಾಯಿತು. ಖರೀದಿ ಖಾತೆ ಡೆಬಿಟ್ 1,000, ಸಸ್ಪೆನ್ಸ್ ಕ್ರೆಡಿಟ್ 1,000. ಆಮೇಲೆ ಸಸ್ಪೆನ್ಸ್ ಡೆಬಿಟ್ 900, ಗಿರಾಕಿ ಖಾತೆ ಕ್ರೆಡಿಟ್ 900. ಇಲ್ಲಿ 450 ಅಲ್ಲ, 900: ತಪ್ಪಾಗಿ ಬಿದ್ದದ್ದನ್ನು ಅಳಿಸಲು 450, ಸರಿಯಾಗಿ ಹಾಕಲು ಇನ್ನೊಂದು 450. ಸಸ್ಪೆನ್ಸ್‌ನಲ್ಲಿ ಡೆಬಿಟ್ 100 ಮತ್ತು 900, ಕ್ರೆಡಿಟ್ 1,000. ಬಾಕಿ ಸೊನ್ನೆ, ಖಾತೆ ಮುಚ್ಚಿತು.

ಹುಡುಕುವಾಗಲೇ ಮೂರನೇ ತಪ್ಪೂ ಸಿಕ್ಕಿತು. ಅಂಗಡಿಗೆ ತಂದ 3,500ರ ತಕ್ಕಡಿಯನ್ನು ಖರೀದಿ ಖಾತೆಗೆ ಬರೆದಿದ್ದೆ. ಹೆಚ್ಚಿನವರು ಎಡವುವುದು ಇಲ್ಲೇ, ಇದನ್ನೂ ಸಸ್ಪೆನ್ಸ್ ಮೂಲಕ ತಿದ್ದುತ್ತಾರೆ. ಬೇಡ. ಇದರಲ್ಲಿ ಡೆಬಿಟ್ಟೂ ಕ್ರೆಡಿಟ್ಟೂ ಸಮ ಇದ್ದವು, ಖಾತೆಯ ಹೆಸರಷ್ಟೇ ತಪ್ಪು. ಟ್ರಯಲ್ ಬ್ಯಾಲೆನ್ಸ್ ಇದರಿಂದ ಕೆಟ್ಟೇ ಇರಲಿಲ್ಲ ಅಲ್ವಾ? ತಕ್ಕಡಿ ಖಾತೆ ಡೆಬಿಟ್, ಖರೀದಿ ಖಾತೆ ಕ್ರೆಡಿಟ್, ಅಷ್ಟೇ. ಸಸ್ಪೆನ್ಸ್ ಮುಟ್ಟಿದ್ದರೆ ಸೊನ್ನೆಯಾಗಿದ್ದ ಖಾತೆಯಲ್ಲಿ ಹೊಸದಾಗಿ 3,500 ನಿಲ್ಲುತ್ತಿತ್ತು.